ಕೆಳಗಿನ ಕೈ

ಮೂರು ದಿನ ನಾನು ತಪ್ಪು ಕೈಯನ್ನು ನೋಡುತ್ತಾ ಕೂತಿದ್ದೆ.

ಆಷಾಢದ ಮಳೆ ಹಿಡಿದಿತ್ತು. ಹಿತ್ತಲ ದಾಸವಾಳದ ಗಿಡದಲ್ಲಿ ಸಿಂಪಿಗ ಎರಡು ಎಲೆ ಸೇರಿಸಿ ಹೊಲಿದಿದ್ದ ಗೂಡನ್ನು ಕಿಟಕಿಯಿಂದ ನೋಡಿ ನೋಡಿ ಬರೆದುಕೊಳ್ಳುತ್ತಿದ್ದವನಿಗೆ, ಮರಿಗಳು ಹಾರಿಹೋದ ಮೇಲೆ ಕೈ ಖಾಲಿಯಾಯಿತು. ಶಿವಮೊಗ್ಗದ ನಮ್ಮ ಬೀದಿಯ ಕೊನೆಯ ಮನೆಯ ಮಹಡಿಯಲ್ಲಿ ಬ್ಲೌಸುಗಳಿಗೆ ಆರಿ ವರ್ಕ್ ಮಾಡಿಕೊಡುವ ಒಬ್ಬರಿದ್ದಾರೆ. ನನಗಿಂತ ಹತ್ತು ವರ್ಷ ಚಿಕ್ಕವರಾದರೂ ಎಲ್ಲರಂತೆ ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ಆಷಾಢದಲ್ಲಿ ಮದುವೆಗಳಿಲ್ಲ, ಆರ್ಡರೂ ಕಡಿಮೆ. ಶ್ರಾವಣ ಬಂದು ವರಮಹಾಲಕ್ಷ್ಮಿ ಹತ್ತಿರವಾದರೆ ಅವರ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. "ಹೊಲಿಗೆ ಹಕ್ಕಿ ನೋಡಿದ್ದಾಯ್ತು, ಹೊಲಿಗೆ ನೋಡ್ಬೇಕು" ಎಂದೆ. "ಕೂತ್ಕೊಳಿ ಮೇಷ್ಟ್ರೇ, ಆದ್ರೆ ಫ್ರೇಮಿಗೆ ಮೊಣಕೈ ಊರಬೇಡಿ" ಎಂದರು. ಅದೇ ಮೊದಲ ಪಾಠವಾಗಿತ್ತೆಂದು ಆಮೇಲೆ ಗೊತ್ತಾಯಿತು.

ಫ್ರೇಮು ಎಂದರೆ ಮಂಚದ ಚೌಕಟ್ಟಿನಷ್ಟು ಉದ್ದದ ಎರಡು ಮರದ ಪಟ್ಟಿ, ಅವನ್ನು ದೂರ ಹಿಡಿಯಲು ಅಡ್ಡಕ್ಕೆ ತೂತುಗಳಿರುವ ಇನ್ನೆರಡು ಪಟ್ಟಿ. ಉತ್ತರದ ಕಾರಿಗರರು ಇದನ್ನು ಅಡ್ಡಾ ಎನ್ನುತ್ತಾರೆ, ನಮ್ಮಲ್ಲಿ ಕೆಲವರು ಮಗ್ಗ ಎನ್ನುತ್ತಾರೆ. ನೇಯುವ ಮಗ್ಗಕ್ಕೂ ಇದಕ್ಕೂ ನೆಂಟಸ್ತಿಕೆ ಏನೂ ಇಲ್ಲ. ಉದ್ದ ಪಟ್ಟಿಗಳಿಗೆ ಮೊದಲೇ ಒಂದು ದಪ್ಪ ಬಟ್ಟೆಯನ್ನು ಬಿಗಿದಿರುತ್ತಾರೆ, ಬ್ಲೌಸ್ ಪೀಸನ್ನು ಅದಕ್ಕೆ ಹೊಲಿಯುತ್ತಾರೆ. ಪಟ್ಟಿಗಳನ್ನು ದೂರ ಎಳೆದು ಮೊಳೆ ಸಿಕ್ಕಿಸಿ, ಉಳಿದ ಎರಡು ಅಂಚುಗಳನ್ನು ದಾರದಿಂದ ಅಂಕುಡೊಂಕಾಗಿ ಬಿಗಿಯುತ್ತಾರೆ. ಬಿಗಿದಾದ ಮೇಲೆ ಅಕ್ಕ ತೋರುಬೆರಳಿನಿಂದ ಬಟ್ಟೆಯನ್ನು ಹೊಡೆದು ನೋಡುತ್ತಾರೆ. ಕಾಯಿಸಿದ ತಮಟೆಯ ಹಾಗೆ ಟಣ್ ಎನ್ನಬೇಕು. ಫ್ರೆಂಚರು ಇದೇ ಬಗೆಯ ಕಸೂತಿಗೆ ಇಟ್ಟ ಟಾಂಬೂರ್ ಎಂಬ ಹೆಸರಿಗೂ ಅವರ ಭಾಷೆಯಲ್ಲಿ ಅರ್ಥ ಡೋಲು ಎಂದೇ.

ಆರಿ ಎಂಬ ಮಾತಿನ ಮೂಲ ಇನ್ನೂ ಹಳೆಯದು. ಸಂಸ್ಕೃತದ ಆರಾ ಎಂದರೆ ಚಮ್ಮಾರರ ಚುಚ್ಚುಗೋಲು. ಕಚ್ಛ್, ಸೌರಾಷ್ಟ್ರದ ಮೋಚಿಗಳು ಚರ್ಮ ಹೊಲಿಯುವ ಕೊಕ್ಕೆಯನ್ನೇ ಸಣ್ಣದು ಮಾಡಿ ರೇಷ್ಮೆಯ ಮೇಲೆ ಇಳಿಸಿದರು. ಅಕ್ಕನ ಸೂಜಿಯನ್ನು ನನ್ನ ಹತ್ತು ಪಟ್ಟಿನ ಮಸೂರದ ಅಡಿಯಲ್ಲಿ ಹಿಡಿದು ನೋಡಿದೆ. ಮರದ ಹಿಡಿ, ಅದರಿಂದ ಹೊರಟ ತೆಳು ಉಕ್ಕಿನ ಕಡ್ಡಿ, ತುದಿಗೆ ಬರುವ ಮುನ್ನ ಒಂದು ಪಕ್ಕದಲ್ಲಿ ಕಚ್ಚು. ಕಣ್ಣಿಲ್ಲದ ಸೂಜಿ ಇದು. ನೂಲು ಸೂಜಿಯ ಜೊತೆ ಪ್ರಯಾಣ ಮಾಡುವುದಿಲ್ಲ, ಬಟ್ಟೆಯ ಕೆಳಗೆ ಕಾಯುತ್ತದೆ.

ಮೇಲಿನಿಂದ ಕಂಡದ್ದು ಇಷ್ಟು. ಬಲಗೈಯ ಸೂಜಿ ಇಳಿಯುತ್ತದೆ, ಕೆಳಗಿನ ನೂಲನ್ನು ಕೊಕ್ಕೆಯಲ್ಲಿ ಹಿಡಿದು ಕುಣಿಕೆಯಾಗಿ ಮೇಲೆ ತರುತ್ತದೆ. ಆ ಕುಣಿಕೆಯನ್ನು ಕೊರಳಲ್ಲೇ ಇಟ್ಟುಕೊಂಡು ಒಂದಿಷ್ಟು ಮುಂದೆ ಮತ್ತೆ ಚುಚ್ಚುತ್ತದೆ, ಮತ್ತೊಂದು ಕುಣಿಕೆಯನ್ನು ಬಟ್ಟೆಯೊಳಗಿಂದಲೂ ಹಿಂದಿನ ಕುಣಿಕೆಯೊಳಗಿಂದಲೂ ಎಳೆದು ತರುತ್ತದೆ. ಸರಪಳಿ ಹೀಗೆ ಬೆಳೆಯುತ್ತದೆ. ಇಳಿಯುವಾಗ ಕಚ್ಚು ಹೊಲಿಗೆ ಸಾಗುವ ದಿಕ್ಕಿಗೆ ಮುಖ ಮಾಡಿರುತ್ತದೆ. ಏಳುವ ಮೊದಲು ಹಿಡಿ ಅರ್ಧ ಸುತ್ತು ತಿರುಗಿ ಕಚ್ಚಿನ ಮುಖ ಹಿಂದಕ್ಕಾಗುತ್ತದೆ, ಸೂಜಿಯ ನಯವಾದ ಬೆನ್ನು ತೂತಿನ ಮುಂದಿನ ಅಂಚಿಗೆ ಒರಗುತ್ತದೆ. ಆ ಒತ್ತಿಗೆ ಕಚ್ಚಿನ ಕಡೆ ಒಂದು ಕೂದಲಷ್ಟು ಜಾಗ ಬಿಟ್ಟುಕೊಳ್ಳುತ್ತದೆ. ಒರಗದಿದ್ದರೆ ಕೊಕ್ಕೆ ಬಟ್ಟೆಯ ಎಳೆಯನ್ನೇ ಕಚ್ಚುತ್ತದೆ. ಅದು ಕೈಗೂ ಗೊತ್ತಾಗುತ್ತದೆ, ಕಿವಿಗೂ ಕೇಳುತ್ತದೆ, ಚಿಟ್ ಎಂದು.

ಈಗ ನನ್ನ ಮೊಣಕೈಯ ವಿಷಯ. ಅದನ್ನು ಫ್ರೇಮಿಗೆ ಊರಿದರೆ ಬಿಗಿ ಸಡಿಲುತ್ತದೆ. ಬಟ್ಟೆ ಸಡಿಲವಿದ್ದರೆ ಸೂಜಿ ಏಳುವಾಗ ಬಟ್ಟೆಯೂ ಗುಡಾರದಂತೆ ಅದರ ಜೊತೆ ಎದ್ದು ಬರುತ್ತದೆ. ಕುಣಿಕೆ ಎಷ್ಟು ಎತ್ತರಕ್ಕೆ ಬಂತೆಂದು ಆಗ ಕೈಗೆ ತಿಳಿಯುವುದಿಲ್ಲ. ಬಟ್ಟೆ ಮತ್ತೆ ಕೆಳಗೆ ಕೂತಾಗ ಉಳಿದ ನೂಲು ಮೇಲೆ ಉಬ್ಬಿಕೊಂಡಿರುತ್ತದೆ. ಬೆಳಿಗ್ಗೆ ಟಣ್ ಎನ್ನುತ್ತಿದ್ದ ಬಟ್ಟೆ ಸಂಜೆಗೆ ಡಬ್ ಎನ್ನುವುದೂ ಉಂಟು. ದಿನವಿಡೀ ಚುಚ್ಚಿ ಎಳೆದದ್ದಕ್ಕೆ ಅಂಚಿನ ದಾರ ಸ್ವಲ್ಪ ಸ್ವಲ್ಪವೇ ಜಗ್ಗಿರುತ್ತದೆ. ಅಕ್ಕ ಊಟವಾದ ಮೇಲೆ ಒಮ್ಮೆ ಅದನ್ನು ಬಿಗಿಯದೆ ಸೂಜಿ ಮುಟ್ಟುವುದಿಲ್ಲ.

ಮೂರು ದಿನ ಬಲಗೈ ನೋಡಿ, ಎಲ್ಲ ತಿಳಿಯಿತೆಂದು ನಾಲ್ಕನೆಯ ದಿನ ಒಂದು ಹಳೆಯ ಪಾಪ್ಲಿನ್ ತುಂಡಿನ ಮೇಲೆ ನಾನೇ ಕೂತೆ. ಗೇಣುದ್ದದ ಒಂದು ಗೆರೆ ಎಳೆಯಲು ಮಧ್ಯಾಹ್ನ ಪೂರ್ತಿ ಬೇಕಾಯಿತು. ಪಕ್ಕದಲ್ಲಿ ಅಕ್ಕನ ಗೆರೆ. 2 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆಗಳೆಂದು ಮಸೂರ ಇಟ್ಟು ಎಣಿಸಿದೆ. ಅವರದು 10, 10, 9, 10. ನನ್ನದು 7, 11, 6, 9. ಇರಲಿ, ಹೊಸ ಕೈ. ಆದರೆ ಬೇರೊಂದು ಅರ್ಥವಾಗಲಿಲ್ಲ. ನನ್ನ ಗೆರೆಯಲ್ಲೇ ಅಕ್ಕಪಕ್ಕದ ಎರಡು ಕುಣಿಕೆಗಳು ಉದ್ದದಲ್ಲಿ ಒಂದೇ ಇದ್ದರೂ ಒಂದು ಅಕ್ಕಿಕಾಳಿನಂತೆ ತೆಳ್ಳಗೆ ಮಲಗಿತ್ತು, ಇನ್ನೊಂದು ನೆನೆಸಿದ ಕಡಲೆಯಂತೆ ಊದಿಕೊಂಡಿತ್ತು.

"ಮೇಲೆ ನೋಡಿದ್ರೆ ಏನು ಸಿಗುತ್ತೆ? ಹಿಂದೆ ತಿರುಗಿಸಿ" ಎಂದರು ಅಕ್ಕ.

ಕಾಡಿನಲ್ಲಿ ಪ್ರಾಣಿ ಸಿಗದಿದ್ದರೂ ಹೆಜ್ಜೆ ಗುರುತು ಸಿಗುತ್ತದೆ. ಸರಪಳಿ ಹೊಲಿಗೆಯ ಹೆಜ್ಜೆ ಗುರುತು ಇರುವುದು ಬಟ್ಟೆಯ ಹಿಂದೆ. ಮುಂದೆ ಕುಣಿಕೆಗಳ ಸಾಲು, ಹಿಂದೆ ಒಂದರ ತುದಿಗೆ ಇನ್ನೊಂದು ತಾಗಿದ ಸಣ್ಣ ನೇರ ಗೀಟುಗಳ ಸಾಲು ಮಾತ್ರ. ನಮ್ಮ ಧಾರವಾಡದ ಕಸೂತಿಯ ಗವಂತಿ, ಮುರಗಿ ಹೊಲಿಗೆಗಳಲ್ಲಿ ಹಿಂದೂ ಮುಂದೂ ಒಂದೇ ಚಿತ್ರ, ಅದರ ಹೆಮ್ಮೆಯೇ ಅದು. ಆರಿಯ ಹಿಂಬದಿ ಹಾಗಲ್ಲ, ಅದೊಂದು ಲೆಕ್ಕದ ಪುಸ್ತಕ. ಪ್ರತಿ ಗೀಟೂ ಒಂದು ಹೆಜ್ಜೆ, ಅಂದರೆ ಒಂದು ಚುಚ್ಚಿನಿಂದ ಇನ್ನೊಂದಕ್ಕೆ ಬಲಗೈ ಬಿಟ್ಟ ದೂರ. ಗೀಟುಗಳು ಏರುಪೇರಾಗಿದ್ದರೆ ತಪ್ಪು ಬಲಗೈಯದು. ಗೀಟುಗಳು ಸಮನಾಗಿದ್ದೂ ಮುಂದಿನ ಕುಣಿಕೆಗಳು ಒಂದು ಸೊರಗಿ ಒಂದು ಊದಿದ್ದರೆ ತಪ್ಪು ಕೆಳಗಿರುವ ಎಡಗೈಯದು. ನನ್ನ ಗೆರೆಯಲ್ಲಿ ಎರಡೂ ಇದ್ದವು. ಆದರೆ ಎಡಗೈಯದ್ದೇ ಹೆಚ್ಚು.

ಮರುದಿನ ಚಾಪೆ ಹಾಸಿಕೊಂಡು ಫ್ರೇಮಿನ ಕೆಳಗೆ ಅಂಗಾತ ಮಲಗಿದೆ, ಕೈಯಲ್ಲೊಂದು ಸಣ್ಣ ಟಾರ್ಚು. ಅಕ್ಕನ ಮಗಳು ಮೊಬೈಲಿನಲ್ಲಿ ಫೋಟೋ ಹೊಡೆದು ನಕ್ಕಳು, ನಗಲಿ. ಗೂಡಿನ ಒಳಗೆ ಇಣುಕಿದ ಹಾಗಿತ್ತು. ನೂಲಿನ ಉಂಡೆ ನೆಲದ ಮೇಲೆ ಬಟ್ಟಲಲ್ಲಿ ಕೂತಿದೆ. ಅಲ್ಲಿಂದ ಎದ್ದ ನೂಲು ಎಡಗೈಯ ಕಿರುಬೆರಳು, ಉಂಗುರ ಬೆರಳುಗಳ ಸಂದಿಯಲ್ಲಿ ನುಸುಳಿ ಹೆಬ್ಬೆರಳು, ತೋರುಬೆರಳುಗಳ ತುದಿಗೆ ಬಂದಿದೆ. ಮೇಲಿನಿಂದ ಸೂಜಿಯ ತುದಿ ಇಣುಕಿದ ಕೂಡಲೇ ಆ ಎರಡು ಬೆರಳು ನೂಲನ್ನು ಕಚ್ಚಿಗೆ ಸುತ್ತಿಸುತ್ತವೆ. ಪ್ರತಿ ಸಲವೂ ಒಂದೇ ಬದಿಯಿಂದ. ಬದಿ ಬದಲಾದರೆ ಆ ಒಂದು ಕುಣಿಕೆ ಮಾತ್ರ ಕಾಲು ಹೆಣೆದುಕೊಂಡಂತೆ ತಿರುಚಿ ಬೀಳುತ್ತದೆ. ಸೂಜಿ ಏಳುತ್ತದೆ, ಬೆರಳುಗಳು ನೂಲು ಬಿಡುತ್ತವೆ. ಇಷ್ಟು ನಾನು ಊಹಿಸಿದ್ದೆ. ಊಹಿಸದೆ ಇದ್ದದ್ದು ಅದರ ಮುಂದಿನ ಚಲನೆ. ಸೂಜಿ ಮುಂದಿನ ಚುಚ್ಚಿಗೆ ಬಾಗುವಷ್ಟರಲ್ಲಿ ಕಿರುಬೆರಳು ಮುಚ್ಚುತ್ತದೆ, ಕೈ ಒಂದು ಸಾಸಿವೆಯಷ್ಟು ಕೆಳಗೆ ಇಳಿಯುತ್ತದೆ. ಅಷ್ಟೇ. ಮೇಲೆ ಅಗತ್ಯಕ್ಕಿಂತ ಹೆಚ್ಚಿಗೆ ಹೋದ ನೂಲೆಲ್ಲ ಆ ಸಾಸಿವೆಯಷ್ಟು ಇಳಿತದಲ್ಲಿ ವಾಪಸು ಬರುತ್ತದೆ. ನಾನು ಕಣ್ಣು ಮಿಟುಕಿಸಿದಾಗ ಎರಡು ಸಲ ಅದು ತಪ್ಪಿಹೋಯಿತು.

ಮೇಲಿನ ಕೈ ಕುಣಿಕೆಯ ಉದ್ದವನ್ನು ನಿರ್ಧರಿಸುತ್ತದೆ. ಅದರ ಮೈಕಟ್ಟನ್ನು ನಿರ್ಧರಿಸುವುದು ಈ ಕೈ. ಹೆಚ್ಚು ಎಳೆದರೆ ಬಟ್ಟೆ ನಿರಿಗೆ ಹಿಡಿಯುತ್ತದೆ. ಫ್ರೇಮಿನಲ್ಲಿ ಇರುವಷ್ಟು ಹೊತ್ತು ಅದು ಕಾಣಿಸದು, ಬಿಚ್ಚಿದ ಮೇಲೆ ಗೆರೆಯ ಎರಡೂ ಬದಿ ಸುಕ್ಕಾಗುತ್ತದೆ. ಕಡಿಮೆ ಎಳೆದರೆ ಕಡಲೆ. ಅಕ್ಕನನ್ನು ಕೇಳಿದೆ, ಎಷ್ಟು ಎಳೀಬೇಕು ಅಂತ ಹೇಗೆ ಗೊತ್ತಾಗುತ್ತೆ ಎಂದು. "ಎಳೆಯೋದಲ್ಲ ಮೇಷ್ಟ್ರೇ, ತಗೊಳ್ಳೋದು. ನೂಲು ತಡೆದಾಗ ನಿಲ್ಲಿಸ್ಬೇಕು." ತಡೆಯುವುದೆಂದರೆ ಕುಣಿಕೆ ಸೂಜಿಯ ಕಡ್ಡಿಗೆ ಅಪ್ಪಿಕೊಂಡ ಗಳಿಗೆ. ಹಾಗಾಗಿ ಕುಣಿಕೆಯ ಅಗಲಕ್ಕೆ ಅಳತೆಗೋಲು ಸೂಜಿಯೇ. ದಪ್ಪ ಜರಿಗೆ ದಪ್ಪ ಸೂಜಿ, ರೇಷ್ಮೆ ನೂಲಿಗೆ ಸಣ್ಣದು ಎಂಬುದರ ಹಿಂದಿನ ಲೆಕ್ಕ ಆಗ ಹೊಳೆಯಿತು.

ನನ್ನ ಮಧ್ಯಾಹ್ನದ ಗೆರೆಯನ್ನು ಅವರು ಬಿಚ್ಚಿ ತೋರಿಸಿದ್ದು ಅವತ್ತೇ. ಕೊನೆಯ ಕುಣಿಕೆಯನ್ನು ಬಿಡಿಸಿ ಕೆಳಗಿನ ನೂಲನ್ನು ಹಿಡಿದು ಸರ್ರನೆ ಎಳೆದರು. ಗೇಣುದ್ದದ ಗೆರೆ ಮೂರು ಸೆಕೆಂಡಿನಲ್ಲಿ ಮಾಯ, ಸಣ್ಣ ತೂತುಗಳ ಸಾಲೊಂದು ಉಳಿಯಿತು. ಸಿಂಪಿಗದ ಹೊಲಿಗೆ ನೆನಪಾಯಿತು. ಆ ಹಕ್ಕಿ ಎಲೆಯಂಚಿನಲ್ಲಿ ಕೊಕ್ಕಿನಿಂದ ತೂತು ಮಾಡಿ, ಹತ್ತಿಯ ಎಳೆಯನ್ನೋ ಜೇಡರ ನೂಲನ್ನೋ ತೂರಿಸಿ, ಹೊರಬಂದ ತುದಿ ತಾನೇ ಕೆದರಿ ಗುಬುಟಾಗುವಂತೆ ಬಿಡುತ್ತದೆ. ಗಂಟಿಲ್ಲ. ಪ್ರತಿ ಹೊಲಿಗೆಯೂ ತನ್ನ ಪಾಡಿಗೆ ತಾನು, ಒಂದು ಬಿಟ್ಟರೆ ಇನ್ನೊಂದಕ್ಕೆ ಏನೂ ಆಗದು. ಸರಪಳಿಯಲ್ಲಿ ಪ್ರತಿ ಕುಣಿಕೆಯನ್ನೂ ಹಿಡಿದಿರುವುದು ಅದರ ಮುಂದಿನ ಕುಣಿಕೆ. ಆದ್ದರಿಂದ ಅದು ಬಿಚ್ಚುವುದು ಒಂದೇ ದಿಕ್ಕಿಗೆ, ಮುಗಿದ ತುದಿಯಿಂದ ಶುರುವಾದ ತುದಿಯ ಕಡೆಗೆ. ಶುರುವಿನ ತುದಿಯನ್ನು ಎಷ್ಟು ಜಗ್ಗಿದರೂ ಒಂದೆರಡು ಕುಣಿಕೆ ಸಡಿಲವಾದಾವು, ಸಾಲು ಓಡುವುದಿಲ್ಲ. ಗೋಣಿಚೀಲದ ಬಾಯಿ ಬಿಚ್ಚುವಾಗ ಸರಿಯಾದ ತುದಿ ಸಿಕ್ಕಿದರೆ ಒಂದೇ ಎಳೆತ, ತಪ್ಪು ತುದಿ ಹಿಡಿದರೆ ಕತ್ತರಿ ಹುಡುಕಬೇಕು. ಅದೂ ಇದೇ ಸಂಗತಿ.

ಮಣಿ ಕೂರಿಸುವುದನ್ನು ನೋಡಲು ಶುರು ಮಾಡಿದ್ದು ಎರಡನೆಯ ವಾರ. ಸುಮಾರು 2 ಮಿಲಿಮೀಟರಿನ ಶುಗರ್ ಬೀಡ್ಸ್, ಬಟ್ಟೆಯ ಮೇಲೇ ಒಂದು ಚಿಟಿಕೆ ಸುರಿದುಕೊಂಡಿರುತ್ತಾರೆ. ಸೂಜಿಯ ಮೊನೆಯಿಂದ ಕುಟುಕಿ ಕುಟುಕಿ ಐದಾರು ಮಣಿಗಳನ್ನು ಕಡ್ಡಿಗೆ ಏರಿಸಿ ತೋರುಬೆರಳಿನಿಂದ ಅಲ್ಲೇ ತಡೆದು ಹಿಡಿಯುತ್ತಾರೆ. ಕುಟುಕುವಾಗ ಕೈ ಥೇಟು ಮುನಿಯ ಹಕ್ಕಿ. ಒಂದು ಕುಣಿಕೆ ಮೇಲೆ ಬರುತ್ತದೆ, ಬೆರಳು ಒಂದೇ ಒಂದು ಮಣಿಯನ್ನು ಬಿಡುತ್ತದೆ, ಅದು ಜಾರಿ ಕೊಕ್ಕೆಯನ್ನು ದಾಟಿ ಕುಣಿಕೆಯ ಎರಡೂ ಎಳೆಗಳ ಮೇಲೆ ಕೂರುತ್ತದೆ. ಆಮೇಲೆ ಮಣಿಯ ಆಚೆ ಅಂಚಿಗೆ ತಾಗಿದಂತೆ ಸೂಜಿ ಚುಚ್ಚಿ, ಮುಂದಿನ ಕುಣಿಕೆ ತಂದು, ಹಿಂದಿನದನ್ನು ಬಂಧಿಸುತ್ತದೆ. ಅಂದರೆ ಪ್ರತಿ ಮಣಿಯ ಹೊಟ್ಟೆಯಲ್ಲೂ ನೂಲು ಜೋಡಿ. ಫ್ರಾನ್ಸಿನ ಲೂನೆವಿಲ್ ಎಂಬ ಊರಿನ ಹೆಸರಿನಲ್ಲಿ ನಡೆಯುವ ಕೆಲಸದಲ್ಲಿ ಮಣಿಗಳನ್ನು ಮೊದಲೇ ನೂಲಿಗೆ ಪೋಣಿಸಿ, ಬಟ್ಟೆಯನ್ನು ಹಿಂಬದಿ ಮೇಲಾಗಿ ಬಿಗಿದು ಹೊಲಿಯುತ್ತಾರೆ. ಮಣಿಗಳು ಕೆಳಗಡೆ, ಆ ನೇರ ಗೀಟುಗಳ ಮೇಲೆ ಕೂರುತ್ತವೆ, ಒಂಟಿ ಎಳೆಯಲ್ಲಿ. ವೇಗ ಅದರಲ್ಲಿ ಹೆಚ್ಚು. ಮಣಿಯನ್ನು ಕಣ್ಣೆದುರೇ ಆರಿಸಿ ಕೂರಿಸುವ ಅನುಕೂಲ ನಮ್ಮದರಲ್ಲಿ.

ಆ ಆರಿಸುವುದನ್ನು ಕಡೆಗಣಿಸುವಂತಿಲ್ಲ. ಗಾಜಿನ ಮಣಿಗಳ ತೂತು ಎಲ್ಲ ಒಂದೇ ಅಳತೆಯದಲ್ಲ. ಕಡ್ಡಿಗೆ ಸಲೀಸಾಗಿ ಏರದ ಮಣಿ ಕೊಕ್ಕೆಯ ಮೇಲೆ ಇಳಿಯುವಾಗ ಸಿಕ್ಕಿಕೊಂಡು ನೂಲಿನ ಸಿಬಿರು ಎಬ್ಬಿಸುತ್ತದೆ. ಕಟ್ ಬೀಡ್ಸ್‌ನ ಬಾಯಿ ಇನ್ನೂ ಹರಿತ. ಹೆಜ್ಜೆಯ ಲೆಕ್ಕವೂ ಇಲ್ಲಿ ಬದಲಾಗುತ್ತದೆ. ಬರಿ ಸರಪಳಿಯಲ್ಲಿ ಹೆಜ್ಜೆ ಕೈಯ ಇಷ್ಟ, ಮಣಿ ಬಂದರೆ ಹೆಜ್ಜೆಯನ್ನು ಮಣಿಯೇ ಹೇಳುತ್ತದೆ. ಮಣಿಗಿಂತ ಹೆಜ್ಜೆ ಕಿರಿದಾದರೆ ಸಾಲು ಇಕ್ಕಟ್ಟಾಗಿ ಮಣಿಗಳು ಒಂದರ ಮೇಲೊಂದು ಭುಜ ಏರಿಸಿ ನಿಲ್ಲುತ್ತವೆ. ಹಿರಿದಾದರೆ ಮಣಿ ತನ್ನ ಕುಣಿಕೆಯಲ್ಲಿ ಹಿಂದೆ ಮುಂದೆ ಜಾರುತ್ತದೆ, ಜಾರುವ ಮಣಿ ಪ್ರತಿ ಸಲ ಕೈ ಎತ್ತಿದಾಗಲೂ ತನ್ನ ನೂಲನ್ನೇ ಉಜ್ಜುತ್ತದೆ. ಅಕ್ಕನ ಪರೀಕ್ಷೆ ಸರಳ. ಸಾಲಿನ ಮೇಲೆ ಉಗುರನ್ನು ಎದುರು ದಿಕ್ಕಿಗೆ ಎಳೆಯುತ್ತಾರೆ. ಮಣಿ ಅಲ್ಲಾಡಿದರೂ ತನ್ನ ಜಾಗದಲ್ಲೇ ಅಲ್ಲಾಡಬೇಕು, ಪಕ್ಕದ ಮಣಿಯನ್ನು ದೂಡಬಾರದು. ಐದಾರು ಮಣಿಗೊಮ್ಮೆ ಮಣಿಯಿಲ್ಲದ ಒಂದು ಚಿಕ್ಕ ಕುಣಿಕೆಯನ್ನು, ಅರ್ಧ ಹೆಜ್ಜೆ ಹಿಂದಕ್ಕೆ ಚುಚ್ಚಿ, ಮಣಿಯ ನೆರಳಲ್ಲಿ ಅಡಗಿಸಿ ಹಾಕುತ್ತಾರೆ. ಅದಕ್ಕೆ ಅವರ ಮಾತು ಲಾಕು. ನೂಲು ಎಲ್ಲಾದರೂ ಹೋದರೆ ಬಿಚ್ಚುವಿಕೆ ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ.

ಸಾಮಾನ್ಯವಾಗಿ ಎಂದೆ. ಯಾಕೆಂದರೆ ಆ ವಾರವೇ ಒಂದು ಬ್ಲೌಸು ವಾಪಸು ಬಂತು.

ಜ್ಯೇಷ್ಠದ ಮದುವೆಯೊಂದಕ್ಕೆ ಅಕ್ಕ ಮಾಡಿಕೊಟ್ಟ ಕೆಲಸ, ಹೊಲಿದದ್ದು ಬೇರೆಲ್ಲೋ ಒಬ್ಬ ಟೈಲರು. ಎರಡೂ ತೋಳುಗಳ ಅಂಚಿನಲ್ಲಿ ಎರಡು ಸರಪಳಿ ಗೆರೆ, ನಡುವೆ ಶುಗರ್ ಬೀಡ್ಸ್‌ನ ಒಂದು ಸಾಲು. ಒಮ್ಮೆ ತೊಟ್ಟಿದ್ದಷ್ಟೆ, ಕಂಕುಳ ಕೆಳಗಿನ ಜೋಡಣೆಯ ಹತ್ತಿರ ಎರಡು ಬೆರಳಗಲ ಮಣಿ ಇಲ್ಲ. ತಂದವರ ಮುಖ ಬಿಗಿದಿತ್ತು. ಅಕ್ಕ ಏನೂ ಹೇಳದೆ ನನ್ನ ಮಸೂರ ಕೇಳಿ ಪಡೆದರು.

ಒಂದು ವಿಚಿತ್ರ ಇಬ್ಬರಿಗೂ ಒಟ್ಟಿಗೇ ಕಂಡಿತು. ತೋಳಿನ ಜೋಡಣೆಯಲ್ಲಿ ಮುಂಭಾಗದ ಅಂಚು, ಹಿಂಭಾಗದ ಅಂಚು ಎರಡೂ ಬಂದು ಸೇರುತ್ತವೆ. ಮಣಿ ಉದುರಿದ್ದು ಹಿಂಭಾಗದ ಅಂಚಿನಲ್ಲಿ ಮಾತ್ರ. ಎರಡೂ ತೋಳಿನಲ್ಲೂ ಹಾಗೇ. ಮುಂಭಾಗದ ಅಂಚಿನಲ್ಲಿ ಒಂದು ಮಣಿಯೂ ಅಲುಗಿಲ್ಲ. ಮಣಿ ನೂಲನ್ನು ಕೊಯ್ದಿದ್ದರೆ ಎಲ್ಲೆಂದರಲ್ಲಿ ಆಗಬೇಕಿತ್ತು, ತುದಿಯೂ ಕುಂಚದಂತೆ ಕೆದರಿರಬೇಕಿತ್ತು. ಮಸೂರದ ಅಡಿಯಲ್ಲಿ ನೂಲಿನ ತುದಿ ಚಪ್ಪಟೆ, ಶುಚಿ. ಕತ್ತರಿ ಮಾಡಿದ ಕೆಲಸ.

ಅಕ್ಕ ತೋಳನ್ನು ಒಳಮಗ್ಗಲು ಮಾಡಿ ಜೋಡಣೆಯೊಳಗೆ ಬಿಟ್ಟಿದ್ದ ಬಟ್ಟೆಯನ್ನು ಬಿಡಿಸಿದರು. ಗಾಜಿನ ಪುಡಿ ಉದುರಿತು. ಮಿಷನ್ನಿನ ಸೂಜಿ ಮುರಿಯದಿರಲಿ ಎಂದು ಟೈಲರುಗಳು ಹೊಲಿಗೆ ಬೀಳುವ ಜಾಗದ ಮಣಿಗಳನ್ನು ಇಕ್ಕಳದಿಂದ ಒಡೆದುಬಿಡುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಮಣಿ ಹೋದ ಕುಣಿಕೆಯಲ್ಲಿ ಮಣಿಯಷ್ಟೇ ಉದ್ದದ ಸಡಿಲು ಉಳಿಯುತ್ತದೆ. ಅದರಾಚೆ ಬಟ್ಟೆಯನ್ನು ಕತ್ತರಿಸಿದಾಗ ಸಾಲಿನ ತುದಿಯ ಲಾಕು ಕತ್ತರಿಸಿದ ಚೂರಿನ ಜೊತೆ ಕಸದ ಬುಟ್ಟಿಗೆ ಹೋಗಿದೆ. ಮಿಷನ್ ಹೊಲಿಗೆ ಸಾಲನ್ನು ಅಡ್ಡ ದಾಟಿದೆ ನಿಜ, ನೂಲಿನ ಪಕ್ಕದಲ್ಲಿ ದಾಟಿದೆ, ನೂಲನ್ನು ಚುಚ್ಚಿಲ್ಲ. ಮೊದಲ ನಡುಲಾಕಿನವರೆಗೆ ಸಾಲು ಸರಾಗವಾಗಿ ಬಿಚ್ಚಿಕೊಂಡಿತು. ಆ ಲಾಕೂ ಬೆರಳಗಲಕ್ಕೆ ನಿಲ್ಲಿಸಬೇಕಿತ್ತು, ಎಡ ತೋಳಿನಲ್ಲಿ ನಿಲ್ಲಿಸಿರಲಿಲ್ಲ. ನೋಡಿದರೆ ಅದು ಹಿಂದಕ್ಕೆ ಚುಚ್ಚದೆ ಮುಂದಕ್ಕೇ ಹಾಕಿದ ಸಣ್ಣ ಕುಣಿಕೆ. ಸಣ್ಣದಾದರೂ ಅದು ಸರಪಳಿಯ ಮತ್ತೊಂದು ಕೊಂಡಿ ಅಷ್ಟೆ, ಲಾಕಲ್ಲ. "ಇದು ನಂದೇ ತಪ್ಪು. ರಾತ್ರಿ ಕರೆಂಟ್ ಹೋಗಿದ್ದಾಗ ಹಾಕಿದ್ದಿರಬೇಕು" ಎಂದರು ಅಕ್ಕ, ತಂದವರಿಗೆ ಕೇಳಿಸುವಂತೆಯೇ.

ಮುಂಭಾಗದ ಅಂಚು ಉಳಿದದ್ದು ಯಾಕೆಂದು ಹೇಳಬೇಕಿಲ್ಲವಾದರೂ ನೋಟ್ ಬುಕ್ಕಿನಲ್ಲಿ ಬರೆದುಕೊಂಡೆ. ಅಕ್ಕ ಎರಡೂ ತೋಳುಗಳನ್ನು ಮುಂದಿನಿಂದ ಹಿಂದಕ್ಕೆ ಹೊಲಿದಿದ್ದರು. ಕತ್ತರಿ ಎರಡೂ ತುದಿಗೆ ಬಿದ್ದಿದೆ. ಒಂದು ಕಡೆ ಶುರುವಿನ ತುದಿ ಕತ್ತರಿಸಿತು, ಏನೂ ಆಗಲಿಲ್ಲ. ಇನ್ನೊಂದು ಕಡೆ ಮುಗಿದ ತುದಿ.

ರಿಪೇರಿಗೆ ತೋಳುಗಳ ಜೋಡಣೆ ಬಿಚ್ಚಿ, ಅಷ್ಟು ಭಾಗವನ್ನು ಅಗಲವಾದ ಬಟ್ಟೆಗೆ ಹೊಲಿದು ಮತ್ತೆ ಫ್ರೇಮಿಗೆ ಏರಿಸಿದರು. ಉಳಿದಿದ್ದ ಸಾಲಿನ ಕೊನೆಯ ಕುಣಿಕೆಯನ್ನು ಸೂಜಿಯಲ್ಲಿ ಎತ್ತಿ, ಬಾಲವನ್ನು ಹಿಂದೆ ತಂದು ಪಕ್ಕದ ಗೀಟುಗಳ ಅಡಿಯಲ್ಲಿ ನುಸುಳಿಸಿ ಗಂಟು ಹಾಕಿದರು. ಹೊಸ ನೂಲನ್ನು ಶುರು ಮಾಡಿದ್ದು ಹಳೆಯ ತುದಿಯಿಂದಲ್ಲ. ಜೋಡಣೆಯ ಕಡೆಯಿಂದ ಶುರು ಮಾಡಿ ಹಳೆಯ ಸಾಲಿನತ್ತ ಹೊಲಿದು ಬಂದರು. ಮುಗಿದ ತುದಿ ಹೀಗೆ ತೋಳಿನ ನಡುವಿಗೆ ಬಿತ್ತು, ಯಾವ ಕತ್ತರಿಗೂ ಸಿಗದ ಜಾಗಕ್ಕೆ. ಅಲ್ಲಿ ಹಿಂದಕ್ಕೊಂದು, ಮುಂದಕ್ಕೊಂದು, ಮತ್ತೆ ಹಿಂದಕ್ಕೊಂದು ಮೂರು ಚಿಕ್ಕ ಚುಚ್ಚು, ಬಾಲ ಹಿಂಬದಿಗೆ, ಗಂಟು.

ಶ್ರಾವಣದ ಮೊದಲ ಆರ್ಡರು ಬಂದಾಗ ಅವರು ಬೇರೆಯೇ ರೀತಿ ಕೂತಿದ್ದರು. ಬಟ್ಟೆಯ ಮೇಲೆ ತೋಳಿನ ಜೋಡಣೆಯ ಗೆರೆ ಎಲ್ಲಿ ಬರುತ್ತದೆಂದು ಕೆಂಪು ನೂಲಿನಿಂದ ಗುರುತು ಹೊಲಿದಿದ್ದರು. ಮಣಿಗಳು ಆ ಗುರುತಿನ ಒಳಗೇ ನಿಂತವು, ಆಚೆಗೆ ಹೋದದ್ದು ಬರಿ ಸರಪಳಿ. ಪ್ರತಿ ಸಾಲನ್ನೂ ಎರಡು ತುದಿಯಿಂದಲೂ ಶುರು ಮಾಡಿ, ನಡುವಿನ ಒಂದು ಹೂವಿನ ಬುಟ್ಟಾದ ಕೆಳಗೆ ಮುಗಿಸುವ ಲೆಕ್ಕ. ತೊಂದರೆಯೊಂದಿತ್ತು. ಎದುರು ದಿಕ್ಕಿಗೆ ಹೊಲಿಯಲು ಮಣಿಕಟ್ಟು ಒಪ್ಪುವುದಿಲ್ಲ, ಅದಕ್ಕೆ ಅವರು ಎದ್ದು ಫ್ರೇಮಿನ ಆಚೆ ಬದಿಗೆ ಹೋಗಿ ಕೂರಬೇಕು. ಅಲ್ಲಿ ಕಿಟಕಿ ಬೆನ್ನಿಗೆ ಬರುತ್ತದೆ, ಅವರ ನೆರಳು ಅವರ ಕೆಲಸದ ಮೇಲೇ ಬೀಳುತ್ತದೆ.

ಮಸೂರ ತೆಗೆದುಕೊಂಡು ಹೋಗಿ ಎಣಿಸಿದೆ. ಆಚೆ ಬದಿಯ ಮೊದಲ 2 ಸೆಂಟಿಮೀಟರಿನಲ್ಲಿ 9 ಕುಣಿಕೆ. ಮುಂದಿನದರಲ್ಲಿ 11. ಅಕ್ಕ ತಲೆ ಎತ್ತದೆ ಕೇಳಿದರು, "ಎಷ್ಟು?" ಹೇಳಿದೆ. ಸೂಜಿಯನ್ನು ಬಿಟ್ಟು, ಎದ್ದು, ಟೇಬಲ್ ಲೈಟನ್ನು ಎಳೆದು ಎಡಕ್ಕೆ ಇಟ್ಟುಕೊಂಡರು. ಬಟ್ಟೆಯನ್ನು ಒಮ್ಮೆ ತಟ್ಟಿ ನೋಡಿ ಪಕ್ಕದ ದಾರ ಬಿಗಿದರು. ಆಮೇಲೆ 10, 10, 10, 9, 10.